ಒಂದೇ ಅಂಕಣ, 42 ಮಕ್ಕಳು, 6 ಚೆಂಡು: ಅಂಡರ್‌ಹ್ಯಾಂಡ್ ಸರ್ವಿಸ್ ಮತ್ತು ಮುಂಗೈ ಪಾಸ್ ಕಲಿಸುವ ಬಗೆ

ಶಾಲೆಯ ವಾಲಿಬಾಲ್ ಅಂಕಣದಲ್ಲಿ ಹೊಸಬರಿಗೆ ಕಲಿಸಲು ನಿಂತಾಗ ಮೊದಲು ಮಾಡಬೇಕಾದದ್ದು ಒಂದು ಸಣ್ಣ ಲೆಕ್ಕ. ತರಗತಿಯಲ್ಲಿ 42 ಮಕ್ಕಳಿದ್ದಾರೆ, 40 ನಿಮಿಷದ ಅವಧಿ, ಒಂದು ಅಂಕಣ, ಗಾಳಿ ನಿಲ್ಲುವ ಚೆಂಡು 6 ಎಂದಿಟ್ಟುಕೊಳ್ಳಿ. ಬಂದು ಸೇರುವುದು, ಮೈ ಬಿಸಿ ಮಾಡುವುದು, ಕೊನೆಗೆ ಚೆಂಡು ಎಣಿಸಿ ಒಳಗಿಡುವುದು, ಇವೆಲ್ಲ ಕಳೆದರೆ ಕೈಗೆ ಸಿಗುವುದು ಹೆಚ್ಚೆಂದರೆ 28 ನಿಮಿಷ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದಲೇ ನೆಟ್‌ನಾಚೆಗೆ ಸರ್ವಿಸ್ ಮಾಡಿಸಿದರೆ, ಒಂದು ಸರ್ವಿಸ್‌ಗೆ 15 ಸೆಕೆಂಡಿನಂತೆ ಒಟ್ಟು 112 ಸರ್ವಿಸ್ ಆಗುತ್ತದೆ. ಅದನ್ನು 42 ಮಂದಿಗೆ ಹಂಚಿದರೆ ತಲೆಗೆ ಮೂರೂ ಬರುವುದಿಲ್ಲ. ಮೂರು ಸಲ ಹೊಡೆದು ಯಾವ ಮಗುವೂ ಏನನ್ನೂ ಕಲಿಯುವುದಿಲ್ಲ.

ನಾನು ಕಲಿಸಲು ತೊಡಗಿದ ಮೊದಲ ವರ್ಷಗಳಲ್ಲಿ ಹೀಗೆಯೇ ಸಾಲು ನಿಲ್ಲಿಸುತ್ತಿದ್ದೆ. ಸರ್ವಿಸ್‌ಗೆ ಒಂದು ವಾರ, ಪಾಸ್‌ಗೆ ಇನ್ನೊಂದು ವಾರ ಎಂದು ಬೇರೆಬೇರೆಯಾಗಿ ಹಂಚಿಕೊಳ್ಳುತ್ತಿದ್ದೆ. ಕಿಕ್ಕಿರಿದ ಅಂಕಣದಲ್ಲಿ ಈ ವಿಂಗಡಣೆಯೇ ತಪ್ಪು ಎಂದು ಈಗ ಖಚಿತವಾಗಿ ಹೇಳುತ್ತೇನೆ. ಪಾಸ್ ಕಲಿಯುವ ಮಗುವಿಗೆ ಯಾರಾದರೂ ಚೆಂಡನ್ನು ಎಸೆದುಕೊಡಬೇಕು. ಆ ಎಸೆತವನ್ನು ಅಂಡರ್‌ಹ್ಯಾಂಡ್ ಸರ್ವಿಸ್‌ನ ಬೀಸಿನಲ್ಲಿಯೇ ಮಾಡಿಸಿದರೆ, ಎಸೆಯುವವರು ತಮಗೇ ಗೊತ್ತಿಲ್ಲದೆ ಸರ್ವಿಸ್ ಕಲಿಯುತ್ತಿರುತ್ತಾರೆ. ಮುಂದೆ ಅವರ ಸರ್ವಿಸ್ ಈಚೆಯವರ ಪಾಸ್‌ಗೆ ಮೇವಾಗುತ್ತದೆ. ಎರಡನ್ನೂ ಒಂದೇ ಪಾಠವಾಗಿ ನಾಲ್ಕು ಅವಧಿಗಳಲ್ಲಿ ಕಲಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂಕಣವನ್ನು ಅಡ್ಡಲಾಗಿ ಬಳಸಿ

ವಾಲಿಬಾಲ್ ಅಂಕಣದ ಉದ್ದ 18 ಮೀಟರ್, ಅಗಲ 9 ಮೀಟರ್. ಆಟದಲ್ಲಿ ಚೆಂಡು ಉದ್ದಕ್ಕೆ ಹಾರುತ್ತದೆ. ಕಲಿಕೆಯಲ್ಲಿ ಅದನ್ನು ಅಗಲಕ್ಕೆ ಹಾರಿಸಿ. ಒಂದು ಪಕ್ಕದ ಗೆರೆಯಿಂದ ಇನ್ನೊಂದು ಪಕ್ಕದ ಗೆರೆಯವರೆಗೆ, 18 ಮೀಟರ್ ಉದ್ದವನ್ನು 3 ಮೀಟರ್‌ಗೆ ಒಂದರಂತೆ ಆರು ಪಟ್ಟಿಗಳಾಗಿ ಸುಣ್ಣದ ಪುಡಿಯಲ್ಲಿ ಗುರುತು ಮಾಡಿ. ಆರು ಚೆಂಡಿಗೆ ಆರು ಪಟ್ಟಿ, ಪಟ್ಟಿಗೆ ಏಳು ಮಕ್ಕಳು.

ನೆಟ್ ಬಿಚ್ಚಬೇಕಾಗಿಲ್ಲ. ಅದರ ಮೇಲಂಚನ್ನು ಸುಮಾರು 2 ಮೀಟರ್‌ಗೆ ಇಳಿಸಿಕೊಳ್ಳಿ. ಒಂದು ಉದ್ದನೆಯ ಹಗ್ಗವನ್ನು ಎರಡೂ ಹಿಂಗೆರೆಗಳ ಆಚೆ ಗಟ್ಟಿಯಾದ ಕಂಬಕ್ಕೋ ಮರಕ್ಕೋ ಕಟ್ಟಿ, ನಡುವೆ ನೆಟ್‌ನ ಮೇಲಂಚಿನ ಮೇಲೆ ಹಾಯಿಸಿ. ನಡುವೆ ನೆಟ್ ಆಧಾರ ಕೊಡುವುದರಿಂದ ಹಗ್ಗ ಹೆಚ್ಚು ಜೋಲುವುದಿಲ್ಲ. ಈಗ ಆರೂ ಪಟ್ಟಿಗಳ ನಡುವೆ 2 ಮೀಟರ್ ಎತ್ತರದಲ್ಲಿ ಒಂದು ತಡೆ ಸಿಕ್ಕಿತು, ಇಕ್ಕೆಡೆಯಲ್ಲೂ 4.5 ಮೀಟರ್ ಜಾಗ ಉಳಿಯಿತು. 3 ಮೀಟರ್‌ಗೊಂದು ಬಣ್ಣದ ಬಟ್ಟೆ ಚೂರನ್ನು ಹಗ್ಗಕ್ಕೆ ಕಟ್ಟಿದರೆ ಪಟ್ಟಿಯ ಎಲ್ಲೆ ಮೇಲೂ ಕಾಣುತ್ತದೆ, ಹಗ್ಗವೂ ಕಣ್ಣಿಗೆ ಬೀಳುತ್ತದೆ. ಹಗ್ಗ ಎಲ್ಲಿಯಾದರೂ ಮಕ್ಕಳ ಕುತ್ತಿಗೆಯ ಮಟ್ಟಕ್ಕೆ ಇಳಿದಿದ್ದರೆ ಆ ದಿನ ಅದನ್ನು ಬಳಸಲೇಬೇಡಿ. ನೆಟ್‌ನ ಕಂಬಗಳಿಗೆ ಮೆತ್ತನೆಯ ಹೊದಿಕೆ ಇಲ್ಲದಿದ್ದರೆ ಹಳೆಯ ಚೀಲ ಸುತ್ತಿ. ನಡುವಿನ ಎರಡು ಪಟ್ಟಿಗಳ ಮಕ್ಕಳು ಆ ಕಂಬಗಳ ಪಕ್ಕದಲ್ಲೇ ಓಡಾಡುತ್ತಾರೆ.

ಚೆಂಡುಗಳೆಲ್ಲ ಒಂದೇ ದಿಕ್ಕಿಗೆ ಹಾರಬೇಕು, ಇದು ಇಡೀ ವ್ಯವಸ್ಥೆಯ ಜೀವಾಳ. ಯಾವ ದಿಕ್ಕು? ಪಾಸ್ ಮಾಡುವವರ ಬೆನ್ನಿಗೆ ಸೂರ್ಯ ಇರುವಂತೆ ನೋಡಿಕೊಳ್ಳಿ. ಅವರೇ ಮೇಲೆ ನೋಡಬೇಕಾದವರು. ಕಣ್ಣಿಗೆ ಬಿಸಿಲು ಹೊಡೆದರೆ ಕಣ್ಣು ಮುಚ್ಚಿ ಮುಖ ತಿರುಗಿಸುತ್ತಾರೆ, ಆ ಅಭ್ಯಾಸ ಅಂಟಿದರೆ ಬಿಡಿಸುವುದು ಕಷ್ಟ. ಪಾಸ್ ಮಾಡುವವರ ಹಿಂದೆ ಗೋಡೆಯೋ ಬೇಲಿಯೋ ಇದ್ದರೆ ತಪ್ಪಿದ ಚೆಂಡು ಅಲ್ಲೇ ನಿಲ್ಲುತ್ತದೆ. ಬಿಸಿಲು ಮತ್ತು ಗೋಡೆ ಎರಡೂ ಹೊಂದದಿದ್ದರೆ ನಾನು ಬಿಸಿಲಿಗೇ ಮೊದಲ ಮಣೆ ಹಾಕುತ್ತೇನೆ. ಚೆಂಡನ್ನು ತರಲು ಒಬ್ಬರನ್ನು ನಿಲ್ಲಿಸಬಹುದು, ಸೂರ್ಯನನ್ನು ಸರಿಸಲಾಗುವುದಿಲ್ಲ. ಪಕ್ಕದಲ್ಲಿ ಬೇರೆ ತರಗತಿ ಆಡುತ್ತಿದ್ದರೆ ಮಾತ್ರ ಅವರತ್ತ ಸರ್ವಿಸ್ ಹೋಗದಂತೆ ದಿಕ್ಕನ್ನು ಬದಲಿಸಲೇಬೇಕಾಗುತ್ತದೆ.

ಚೆಂಡಿಗೆ ಸಂಬಂಧಿಸಿ ಎರಡೇ ನಿಯಮಗಳನ್ನು ಹೇಳಿ, ಆದರೆ ಅವನ್ನು ಒಮ್ಮೆಯೂ ಸಡಿಲಿಸಬೇಡಿ. ಒಂದು, ಚೆಂಡನ್ನು ಮರಳಿಸುವಾಗ ನೆಲದ ಮೇಲೆ ಹಗ್ಗದ ಕೆಳಗಿನಿಂದ ಉರುಳಿಸಬೇಕು, ಎಸೆಯಬಾರದು. ಎರಡು, ಪಕ್ಕದ ಪಟ್ಟಿಗೆ ಹೋದ ಚೆಂಡಿನ ಹಿಂದೆ ಯಾರೂ ಓಡಬಾರದು. ಅಲ್ಲಿ ಹತ್ತಿರ ಇದ್ದವರು ‘ಚೆಂಡು!’ ಎಂದು ಕೂಗಿ, ಅದನ್ನು ತಡೆದು ಉರುಳಿಸಿ ಕೊಡಬೇಕು. ಇಂಥ ತರಗತಿಯಲ್ಲಿ ಕಾಲು ಉಳುಕುವುದು ಹೆಚ್ಚಾಗಿ ಹಾರಿಬಂದ ಚೆಂಡಿನಿಂದ ಅಲ್ಲ, ಕಾಲಡಿಗೆ ಉರುಳಿಬಂದ ಚೆಂಡನ್ನು ನೋಡದೆ ಮೆಟ್ಟುವುದರಿಂದ.

ಮೊದಲ ಅವಧಿ: ಕೈಗಳ ಹಲಗೆ

ಪಾಸ್‌ನಿಂದ ಆರಂಭಿಸಿ. ಗಡಿಯಾರ, ಉಂಗುರ, ಬಳೆಗಳನ್ನು ತೆಗೆದಿಡಲು ಹೇಳಿ. ಮೊದಲ ಹತ್ತು ನಿಮಿಷ ಚೆಂಡು ಬೇಡ. 42 ಮಕ್ಕಳೂ ಒಟ್ಟಿಗೆ, ಕೈಚಾಚಿದಷ್ಟು ಅಂತರದಲ್ಲಿ ನಿಂತು ಆಕಾರವನ್ನಷ್ಟೇ ಕಲಿಯಲಿ.

ಒಂದು ಅಂಗೈಯ ಮೇಲೆ ಇನ್ನೊಂದು ಕೈಯ ಬೆರಳುಗಳನ್ನು ಅಡ್ಡಲಾಗಿಟ್ಟು ಮಡಚಿಕೊಳ್ಳಬೇಕು. ಎರಡೂ ಹೆಬ್ಬೆರಳುಗಳು ಅಕ್ಕಪಕ್ಕ, ಒಂದೇ ಮಟ್ಟದಲ್ಲಿ, ತುದಿ ನೆಲದತ್ತ. ಅಂಗೈಗಳ ಬುಡಗಳು ಒಂದಕ್ಕೊಂದು ಅಂಟಿರಬೇಕು. ಬೆರಳುಗಳನ್ನು ಒಂದರೊಳಗೊಂದು ಹೆಣೆಯಲು ಬಿಡಬೇಡಿ; ಹೆಣೆದ ಬೆರಳಿಗೆ ಚೆಂಡು ಬಡಿದರೆ ಅಥವಾ ಹಾಗೆಯೇ ಕೈಯೂರಿ ಬಿದ್ದರೆ ಬೆರಳು ಬಿಡಿಸಿಕೊಳ್ಳಲಾಗದೆ ಪೆಟ್ಟಾಗುತ್ತದೆ. ಈಗ ಮಣಿಕಟ್ಟುಗಳನ್ನು ನೆಲದ ಕಡೆಗೆ ಬಗ್ಗಿಸಲು ಹೇಳಿ. ಮಣಿಕಟ್ಟು ಬಗ್ಗಿದೊಡನೆ ಮೊಣಕೈಗಳು ತಾವಾಗಿಯೇ ನೆಟ್ಟಗಾಗುತ್ತವೆ, ಮುಂಗೈಗಳ ಒಳಮೈ ಮೇಲಕ್ಕೆ ತಿರುಗಿ ಸಮತಟ್ಟಾಗುತ್ತದೆ. ‘ಮೊಣಕೈ ನೆಟ್ಟಗಿಡು’ ಎಂದು ಹತ್ತು ಸಲ ಹೇಳುವುದಕ್ಕಿಂತ ‘ಹೆಬ್ಬೆರಳಿನಿಂದ ನೆಲ ತೋರಿಸು’ ಎಂದು ಒಮ್ಮೆ ಹೇಳಿದರೆ ಕೆಲಸ ಆಗುತ್ತದೆ. ಹೀಗೆ ಸಿದ್ಧವಾದ ಸಮತಟ್ಟನ್ನು ಮಕ್ಕಳ ಮುಂದೆ ನಾನು ‘ಹಲಗೆ’ ಎಂದು ಕರೆಯುತ್ತೇನೆ. ಹೆಸರು ಸಿಕ್ಕಿದರೆ ದೂರದಿಂದ ಒಂದೇ ಮಾತಿನಲ್ಲಿ ತಿದ್ದಬಹುದು.

ಪಾದಗಳು ಭುಜಗಳಿಗಿಂತ ಸ್ವಲ್ಪ ಅಗಲವಾಗಿರಲಿ, ಒಂದು ಪಾದ ತುಸು ಮುಂದಿರಲಿ, ಮೊಣಕಾಲು ಬಗ್ಗಿರಲಿ, ಭಾರ ಪಾದದ ಮುಂಭಾಗದ ಮೇಲಿರಲಿ. ಹಲಗೆ ಮೈಗೆ ಅಂಟದೆ ಮುಂದೆ ಚಾಚಿರಬೇಕು. ಇಲ್ಲಿಂದ ಮೇಲೇಳುವುದು ಕಾಲುಗಳ ಕೆಲಸ. ಕೈಗಳು ಬೀಸಬಾರದು, ಎದ್ದ ಮೇಲೂ ಹಲಗೆ ಭುಜದ ಮಟ್ಟವನ್ನು ದಾಟಬಾರದು.

ಚೆಂಡಿಗೆ ಬರುವಾಗ ಮೂರು ಮೆಟ್ಟಿಲು. ಮೊದಲು, ಜೊತೆಗಾರರು ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಸೊಂಟದ ಮಟ್ಟದಲ್ಲಿ ಮುಂದೊಡ್ಡಲಿ. ಕಲಿಯುವವರು ಅದರ ಕೆಳಗೆ ಹಲಗೆ ಇಟ್ಟು, ಕಾಲಿನಿಂದ ಮೇಲೆದ್ದು ಚೆಂಡನ್ನು ಒತ್ತಲಿ. ಚೆಂಡು ಕೈಯಿಂದ ಹೋಗುವುದಿಲ್ಲ, ಎಲ್ಲಿ ತಾಗಬೇಕು ಎಂಬುದು ಮಾತ್ರ ಗೊತ್ತಾಗುತ್ತದೆ. ಮಣಿಕಟ್ಟಿಗಿಂತ ನಾಲ್ಕೈದು ಬೆರಳಿನಷ್ಟು ಮೇಲೆ, ಎರಡೂ ಮುಂಗೈಗಳ ಮೇಲೆ ಸಮನಾಗಿ ತಾಗಬೇಕು. ಎರಡನೆಯದಾಗಿ, ಅದೇ ಚೆಂಡನ್ನು ಎದೆಯ ಮಟ್ಟದಿಂದ ಹಲಗೆಯ ಮೇಲೆ ಬಿಡಲಿ. ಮೂರನೆಯದು 3 ಮೀಟರ್ ದೂರದಿಂದ ಎಸೆತ.

ಈ ಎಸೆತವನ್ನು ಕಲಿಸಲು ಐದು ನಿಮಿಷ ಖರ್ಚು ಮಾಡಿ, ಅದು ದಂಡವಾಗುವುದಿಲ್ಲ. ಬಲಗೈಯವರು ಎಡಗಾಲನ್ನು ಮುಂದಿಟ್ಟು, ಅಂಗೈ ಮೇಲಾಗಿ ಚೆಂಡನ್ನು ಬಲಗೈಯಲ್ಲಿ ಹಿಡಿದು, ತೋಳನ್ನು ನೇರವಾಗಿ ಹಿಂದಕ್ಕೆ ಒಯ್ದು, ಉಯ್ಯಾಲೆಯಂತೆ ಮುಂದಕ್ಕೆ ತಂದು ಚೆಂಡನ್ನು ಬಿಡಬೇಕು. ಭಾರ ಹಿಂಗಾಲಿನಿಂದ ಮುಂಗಾಲಿಗೆ ಬರಬೇಕು. ಚೆಂಡು ಪಾಸ್ ಮಾಡುವವರ ತಲೆಗಿಂತ ಸ್ವಲ್ಪ ಎತ್ತರದ ಕಮಾನಿನಲ್ಲಿ ಹೋಗಿ ಅವರ ಸೊಂಟದ ಮುಂದೆ ಇಳಿಯಬೇಕು. ಒಂದು ಅಂಗೈಯಲ್ಲಿ ಚೆಂಡು ನಿಲ್ಲದ ಸಣ್ಣ ಕೈಯವರು ಇನ್ನೊಂದು ಕೈಯಿಂದ ಮೇಲೆ ಒತ್ತಿ ಹಿಡಿದು, ಬೀಸಿನ ಕೊನೆಯಲ್ಲಿ ಬಿಡಲಿ. ಇದು ಅಂಡರ್‌ಹ್ಯಾಂಡ್ ಸರ್ವಿಸ್‌ನ ಬೀಸೇ, ಹೊಡೆತವೊಂದಿಲ್ಲ, ಅಷ್ಟೆ. ಆದರೆ ಮಕ್ಕಳಿಗೆ ಈಗಲೇ ಅದನ್ನು ಹೇಳಬೇಡಿ. ಸರ್ವಿಸ್ ಎಂದೊಡನೆ ಜೋರಾಗಿ ಹೊಡೆಯುವ ಹುಮ್ಮಸ್ಸು ಬರುತ್ತದೆ.

ಹತ್ತು ಪಾಸ್ ಆದ ಮೇಲೆ ಎಲ್ಲರಿಗೂ ಕೈ ಚಾಚಲು ಹೇಳಿ, ಮುಂಗೈ ನೋಡುತ್ತ ಹೋಗಿ. ಚೆಂಡು ತಾಗಿದ ಕಡೆ ಚರ್ಮ ಕೊಂಚ ಕೆಂಪಾಗಿರುತ್ತದೆ. ಕೆಂಪು ಕಾಣದ ಮೈಬಣ್ಣವಾದರೆ ಚೆಂಡಿಗೆ ಸ್ವಲ್ಪ ಸೀಮೆಸುಣ್ಣದ ಪುಡಿ ಸವರಿದರೆ ಗುರುತು ಬೀಳುತ್ತದೆ. ಗುರುತು ಹೆಬ್ಬೆರಳು ಅಥವಾ ಮಣಿಕಟ್ಟಿನ ಮೇಲಿದ್ದರೆ ಮಗು ಚೆಂಡಿನ ಹತ್ತಿರಕ್ಕೆ ಹೋಗದೆ ಕೈ ಚಾಚುತ್ತಿದೆ. ಒಂದೇ ಕೈಯಲ್ಲಿ ಗುರುತಿದ್ದರೆ ಮೈ ಚೆಂಡಿನ ಹಿಂದೆ ಬರುತ್ತಿಲ್ಲ. ಮೊಣಕೈಯ ಹತ್ತಿರ ಇದ್ದರೆ ಚೆಂಡನ್ನು ತೀರಾ ಮೈಮೇಲೆ ಬಿಟ್ಟುಕೊಳ್ಳುತ್ತಿದೆ. 42 ಮಕ್ಕಳ ಪಾಸನ್ನು ಕಣ್ಣಾರೆ ನೋಡಲು ಆಗುವುದಿಲ್ಲ, ಗುರುತುಗಳನ್ನು ಎರಡು ನಿಮಿಷದಲ್ಲಿ ನೋಡಬಹುದು.

ಕೈ ಉರಿಯುತ್ತದೆ ಎಂದು ಕೆಲವರು ಹೇಳಿಯೇ ಹೇಳುತ್ತಾರೆ, ಅದನ್ನು ತಳ್ಳಿಹಾಕಬೇಡಿ. ನೋವಿಗೆ ಹೆದರಿದ ಮಗು ಚೆಂಡು ತಾಗುವ ಕ್ಷಣದಲ್ಲಿ ಕೈಗಳನ್ನು ಬಿಡಿಸಿಬಿಡುತ್ತದೆ, ಅಲ್ಲಿಗೆ ಹಲಗೆಯೇ ಹೋಯಿತು. ಸ್ಪರ್ಧೆಯ ಚೆಂಡು 260ರಿಂದ 280 ಗ್ರಾಂ ತೂಗುತ್ತದೆ. ಹೊಸಬರಿಗೆ ಇನ್ನೂ ಹಗುರವಾದ ಚೆಂಡಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಇರುವ ಚೆಂಡಿನ ಗಾಳಿಯನ್ನು, ಹೆಬ್ಬೆರಳಿನಿಂದ ಒತ್ತಿದಾಗ ಸ್ವಲ್ಪ ತಗ್ಗುವಷ್ಟು ಕಡಿಮೆ ಮಾಡಿ. ತುಂಬುತೋಳಿನ ಅಂಗಿಯೂ ನೆರವಾಗುತ್ತದೆ.

ಎರಡನೆಯ ಅವಧಿ: ಎಸೆತ ಸರ್ವಿಸ್ ಆಗುವುದು

ಈಗ ಹಗ್ಗ ಕಟ್ಟಿ. ಮೊದಲು ನಿನ್ನೆಯ ಎಸೆತವನ್ನೇ ಹಗ್ಗದ ಮೇಲಿನಿಂದ ಮಾಡಿಸಿ, ಆಚೆಯವರು ಹಿಡಿದು ಉರುಳಿಸಲಿ. ಎಸೆತ ಸಲೀಸಾದ ಮೇಲೆ ಚೆಂಡನ್ನು ಎಡಗೈಗೆ ಬದಲಾಯಿಸಲು ಹೇಳಿ. ಬಲಗೈ ಬೀಸು ಹಾಗೆಯೇ ಇರಲಿ, ಆದರೆ ದಾರಿಯಲ್ಲಿ ಚೆಂಡು ಸಿಗಲಿ. ಸರ್ವಿಸ್ ಎಂದರೆ ಇಷ್ಟೇ. ಎಡಗೈಯವರಿಗೆ ಎಲ್ಲವೂ ಅದಲುಬದಲು. ಅವರನ್ನು ಮರೆತು ‘ಎಡಗಾಲು ಮುಂದೆ’ ಎಂದು ಎಲ್ಲರಿಗೂ ಕೂಗಿದರೆ ಪಾಪ, ಆ ಮಗು ಇಡೀ ಅವಧಿ ತಡವರಿಸುತ್ತದೆ. ‘ಹೊಡೆಯುವ ಕೈಗೆ ಎದುರು ಕಾಲು ಮುಂದೆ’ ಎನ್ನಿ.

ಚೆಂಡನ್ನು ಹಿಡಿಯುವ ಜಾಗವೇ ಅರ್ಧ ಸರ್ವಿಸ್. ಎಡಗೈ ಚೆಂಡನ್ನು ಹೊಟ್ಟೆಯ ಮುಂದೆ ಅಲ್ಲ, ಬಲ ಸೊಂಟದ ಮುಂದೆ, ಸೊಂಟದ ಮಟ್ಟದಲ್ಲಿ, ತೋಳು ಚಾಚಿದಷ್ಟು ದೂರದಲ್ಲಿ ಹಿಡಿಯಬೇಕು. ಬಲತೋಳು ನೇರವಾಗಿ ಹಿಂದಕ್ಕೆ ಹೋಗಿ ನೇರವಾಗಿ ಮುಂದಕ್ಕೆ ಬಂದರೆ ಚೆಂಡು ಅದರ ದಾರಿಯಲ್ಲೇ ಇರುತ್ತದೆ. ಹೊಡೆಯುವುದು ಬೆರಳುಗಳಿಂದ ಅಲ್ಲ, ಮುಷ್ಟಿಯ ಗೆಣ್ಣುಗಳಿಂದಲೂ ಅಲ್ಲ, ಬಿಗಿಯಾಗಿ ಹಿಡಿದ ಅಂಗೈಯ ಬುಡದಿಂದ. ಗೆಣ್ಣು ಏರುತಗ್ಗಾದ್ದರಿಂದ ಚೆಂಡು ಯಾವ ಕಡೆಗೆ ಸಿಡಿಯುತ್ತದೆಂದು ಹೇಳಲಾಗದು. ಚೆಂಡಿನ ನಟ್ಟನಡುವಿಗಿಂತ ಸ್ವಲ್ಪ ಕೆಳಗೆ, ಹಿಂಭಾಗದಲ್ಲಿ ತಾಗಿಸಬೇಕು. ತಾಗಿದ ಮೇಲೆ ಕೈ ಗುರಿಯತ್ತ ಸಾಗಬೇಕು, ಹಿಂಗಾಲು ಒಂದು ಹೆಜ್ಜೆ ಮುಂದೆ ಬರಬೇಕು.

ಇಲ್ಲೊಂದು ನಿಯಮವನ್ನು ಮೊದಲ ದಿನದಿಂದಲೇ ರೂಢಿಸಿ. ಹೊಡೆಯುವ ಮೊದಲು ಚೆಂಡು ಹಿಡಿದ ಕೈಯಿಂದ ಬಿಡುಗಡೆಯಾಗಿರಬೇಕು. ಕೈಯಲ್ಲಿ ಇಟ್ಟುಕೊಂಡೇ ಹೊಡೆದರೆ ಆಟದಲ್ಲಿ ಅದು ತಪ್ಪು. ಹಾಗೆಂದು ಚೆಂಡನ್ನು ಮೇಲಕ್ಕೆ ಚಿಮ್ಮಿಸಬೇಕಾಗಿಲ್ಲ. ಬಲಗೈ ಬರುವ ಹೊತ್ತಿಗೆ ಎಡಗೈ ಕೆಳಗೆ ಸರಿದುಬಿಟ್ಟರೆ ಸಾಕು, ಚೆಂಡು ಒಂದು ಕ್ಷಣ ಗಾಳಿಯಲ್ಲಿ ನಿಂತಂತಿರುತ್ತದೆ. ಹೆಚ್ಚೆಂದರೆ ಒಂದು ಗೇಣು ಮೇಲೇಳಬಹುದು. ಹೊಸಬರ ಸರ್ವಿಸ್ ಕೆಡುವುದಕ್ಕೆ ಎತ್ತರದ ಚಿಮ್ಮುವಿಕೆಗಿಂತ ದೊಡ್ಡ ಕಾರಣವನ್ನು ನಾನು ಕಂಡಿಲ್ಲ.

ತಪ್ಪನ್ನು ಚೆಂಡು ಹೋದ ದಾರಿಯಿಂದಲೇ ಓದಬಹುದು. ನೆಟ್ಟಗೆ ತಲೆಯ ಮೇಲಕ್ಕೆ ಹಾರಿದರೆ, ಚೆಂಡು ಮೈಗೆ ತೀರಾ ಹತ್ತಿರವಿತ್ತು ಅಥವಾ ಚಿಮ್ಮಿಸಿ ಅದರ ಅಡಿಗೆ ಹೊಡೆದಿದ್ದಾರೆ. ಹಗ್ಗದ ಕೆಳಗೆ ತೂರಿಹೋದರೆ ನಡುವಿಗೋ ಅದಕ್ಕಿಂತ ಮೇಲಕ್ಕೋ ತಾಗಿದೆ. ಬಲಗೈಯವರ ಚೆಂಡು ಎಡಕ್ಕೆ, ಪಕ್ಕದ ಪಟ್ಟಿಗೆ ಹೋಗುತ್ತಿದ್ದರೆ ಚೆಂಡನ್ನು ಹೊಟ್ಟೆಯ ಮುಂದೆ ಹಿಡಿದಿದ್ದಾರೆ. ಅದನ್ನು ಮುಟ್ಟಲು ತೋಳು ಮೈಗೆ ಅಡ್ಡವಾಗಿ ಬೀಸುತ್ತದೆ. ಇದನ್ನು ಖಚಿತಪಡಿಸಿಕೊಳ್ಳಬೇಕೆಂದರೆ ಹೊಡೆದ ಮೇಲೆ ಕೈಯನ್ನು ಅಲ್ಲೇ ನಿಲ್ಲಿಸಲು ಹೇಳಿ: ಎಡಭುಜದ ಕಡೆ ನಿಂತಿರುತ್ತದೆ. ಚೆಂಡು ನೇರವಾಗಿಯೇ ಹೋಗಿ ಹಗ್ಗ ಮುಟ್ಟದೆ ಬಿದ್ದರೆ ತೋಳಿನಲ್ಲಿ ಬಲವಿಲ್ಲ ಎಂದುಕೊಳ್ಳಬೇಡಿ, ಕಾಲು ನೋಡಿ. ಹಿಮ್ಮಡಿಯ ಮೇಲೆಯೇ ಭಾರ ಉಳಿದಿರುತ್ತದೆ.

ಈ ಅವಧಿಯಲ್ಲಿ ಪಾಸ್ ಮಾಡಿಸಬೇಡಿ, ಆಚೆಯವರು ಸರ್ವಿಸನ್ನು ಕೈಯಲ್ಲಿ ಹಿಡಿಯಲಿ. ಆದರೆ ಹಲಗೆ ಚಾಚುವ ಜಾಗದಲ್ಲಿ, ಮೊಣಕಾಲು ಬಗ್ಗಿಸಿ, ಸೊಂಟದ ಮುಂದೆಯೇ ಹಿಡಿಯಬೇಕು ಎನ್ನಿ. ಪಾಸ್‌ನ ಕಾಲ್ಚಲನೆ ಹೀಗೆ ನೋವಿಲ್ಲದೆ ಬಂದುಬಿಡುತ್ತದೆ.

ಮೂರನೆಯ ಅವಧಿ: ಏಳು ಮಂದಿಯ ಪಟ್ಟಿ

ಇಡೀ ಯೋಜನೆಯ ಹೃದಯ ಇದು. ಪಟ್ಟಿಯ ಏಳು ಮಕ್ಕಳಿಗೆ ಏಳು ಜಾಗ. ಒಬ್ಬರು ಪಕ್ಕದ ಗೆರೆಯಿಂದ ಸರ್ವಿಸ್ ಮಾಡುತ್ತಾರೆ. ಅವರ ಹಿಂದೆ ಎರಡು ಹೆಜ್ಜೆ ಬಿಟ್ಟು ಇಬ್ಬರು ನಿಂತು, ಚೆಂಡಿಲ್ಲದೆ ಅದೇ ಬೀಸನ್ನು ಮಾಡುತ್ತಾರೆ. ಹಗ್ಗದ ಆಚೆ, ಹಗ್ಗದಿಂದ 3 ಮೀಟರ್ ಹಿಂದೆ ಪಾಸ್ ಮಾಡುವವರು. ಅದೇ ಬದಿಯಲ್ಲಿ ಪಾಸ್ ಮಾಡುವವರ ಬಲಕ್ಕೆ, ಹಗ್ಗದಿಂದ ಒಂದು ಮೀಟರ್ ದೂರದಲ್ಲಿ, ಪಟ್ಟಿಯ ಅಂಚಿನಲ್ಲಿ ಹಿಡಿಯುವವರು; ಸರ್ವಿಸ್ ಬರುವ ದಾರಿಗೆ ಅವರು ಅಡ್ಡವಾಗಬಾರದು. ಪಕ್ಕದ ಗೆರೆಯ ಹೊರಗೆ ಚೆಂಡು ತರುವವರು. ಉಳಿದ ಒಬ್ಬರು ಹೊರಗೆ ನಿಂತು ನೋಡುವವರು.

ಸೀಟಿ ಊದಿದಾಗ ಆರೂ ಪಟ್ಟಿಗಳಲ್ಲಿ ಒಟ್ಟಿಗೆ ಸರ್ವಿಸ್ ಆಗಬೇಕು. ಸೀಟಿ ಇಲ್ಲದೆ ಯಾವ ಚೆಂಡೂ ಹಾರುವುದಿಲ್ಲ ಎಂಬುದು ಖಚಿತವಾದರೆ, ನಡುವಿನ ಹೊತ್ತಿನಲ್ಲಿ ಮಕ್ಕಳು ನಿರ್ಭಯವಾಗಿ ಚೆಂಡನ್ನು ತರಬಹುದು. ಸರ್ವಿಸ್, ಪಾಸ್, ಹಿಡಿತ, ಉರುಳಿಸಿ ಮರಳಿಸುವುದು, ಇದಕ್ಕೆಲ್ಲ ಸುಮಾರು 15 ಸೆಕೆಂಡು ಸಾಕು. ಐದು ಸರ್ವಿಸ್ ಆದೊಡನೆ ಎಲ್ಲರೂ ಮುಂದಿನ ಜಾಗಕ್ಕೆ ಸರಿಯುತ್ತಾರೆ. ಜಾಗ ಬದಲಿಸುವ ಹೊತ್ತೂ ಸೇರಿ ಒಂದು ಸರದಿಗೆ ಒಂದೂವರೆ ನಿಮಿಷ, ಏಳು ಜಾಗ ಸುತ್ತಲು ಹತ್ತೂವರೆ ನಿಮಿಷ. ಎರಡು ಸುತ್ತು 21 ನಿಮಿಷ. ಪ್ರತಿ ಮಗುವಿಗೂ 10 ಸರ್ವಿಸ್, 10 ಪಾಸ್ ಮಾಡುವ ಅವಕಾಶ. ಮೊದಲು ಮಾಡಿದ ಲೆಕ್ಕದಲ್ಲಿ ಮೂರು ಸರ್ವಿಸ್ ಕೂಡ ಸಿಗುತ್ತಿರಲಿಲ್ಲ, ಪಾಸ್ ಇರಲೇ ಇಲ್ಲ. ಉಳಿದ ಏಳು ನಿಮಿಷ ತಿದ್ದಲು ಬೇಕಾಗುತ್ತದೆ.

ನೋಡುವವರ ಕೆಲಸವನ್ನು ಹಗುರವಾಗಿ ಎಣಿಸಬೇಡಿ. ಅವರಿಗೆ ಒಂದು ಸುತ್ತಿಗೆ ಒಂದೇ ಪ್ರಶ್ನೆ ಕೊಡಿ. ಮೊದಲ ಸುತ್ತಿನಲ್ಲಿ, ‘ಪಾಸ್ ಮಾಡಿದ ಮೇಲೆ ಕೈ ಭುಜಕ್ಕಿಂತ ಮೇಲೆ ಹೋಯಿತೇ?’ ಎರಡನೆಯ ಸುತ್ತಿನಲ್ಲಿ, ‘ಹೊಡೆಯುವ ಮೊದಲು ಚೆಂಡು ಕೈಬಿಟ್ಟಿತೇ?’ ಐದು ಸಲ ನೋಡಿ, ಎಷ್ಟು ಸಲ ಹೌದು ಎಂದು ಆಟಗಾರರಿಗೆ ಹೇಳಿ ಮುಂದೆ ಸರಿಯಬೇಕು. ಎರಡು ಪ್ರಶ್ನೆ ಒಟ್ಟಿಗೆ ಕೊಟ್ಟರೆ ಮಕ್ಕಳು ಎರಡನ್ನೂ ನೋಡುವುದಿಲ್ಲ.

ಒಳ್ಳೆಯ ಪಾಸ್ ಯಾವುದು? ಹಿಡಿಯುವವರು ಒಂದು ಹೆಜ್ಜೆಗಿಂತ ಹೆಚ್ಚು ಸರಿಯದೆ, ಚೆಂಡನ್ನು ಹಣೆಯ ಮೇಲೆ ಎರಡೂ ಕೈಯಲ್ಲಿ ಹಿಡಿದರೆ ಅದು ಒಳ್ಳೆಯ ಪಾಸ್. ಹಣೆಯ ಮೇಲೆ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಮುಂದೆ ಬೆರಳುಗಳಿಂದ ಚೆಂಡೆತ್ತಿ ಕೊಡುವುದನ್ನು ಕಲಿಯುವಾಗ ಇದೇ ಜಾಗ ಬೇಕಾಗುತ್ತದೆ.

ಸರ್ವಿಸ್ ಎದುರಿಂದ ಬರುತ್ತದೆ, ಪಾಸ್ ಬಲಕ್ಕೆ ಹೋಗಬೇಕು. ಇಲ್ಲಿ ಮಕ್ಕಳು ಕೈಯನ್ನು ಬಲಕ್ಕೆ ಬೀಸುತ್ತಾರೆ, ಚೆಂಡು ಪಕ್ಕದ ಪಟ್ಟಿಗೆ ಸಿಡಿಯುತ್ತದೆ. ಹಲಗೆ ಗೋಡೆಯಿದ್ದಂತೆ, ಅದು ಮುಖ ಮಾಡಿದ ಕಡೆಗೆ ಚೆಂಡು ಪುಟಿಯುತ್ತದೆ. ಚೆಂಡು ತಾಗುವ ಮೊದಲೇ ಬಲಪಾದವನ್ನು ಒಂದಿಷ್ಟು ಹಿಂದಿಟ್ಟು ಬಲಭುಜವನ್ನು ತುಸು ಇಳಿಸಿದರೆ ಹಲಗೆಯ ಮುಖ ಹಿಡಿಯುವವರತ್ತ ತಿರುಗುತ್ತದೆ, ಬೀಸುವ ಅಗತ್ಯವೇ ಬರುವುದಿಲ್ಲ. ಹಲಗೆಯ ಓರೆಯಿಂದಲೇ ಎತ್ತರವೂ ನಿರ್ಧಾರವಾಗುತ್ತದೆ. ಹಲಗೆ ನೆಲಕ್ಕೆ ಸಮಾನಾಂತರವಾಗಿದ್ದರೆ ಚೆಂಡು ನೆಟ್ಟಗೆ ಮೇಲಕ್ಕೋ ಹಿಂದಕ್ಕೋ ಹೋಗುತ್ತದೆ. ಕೈಗಳು ತೊಡೆಯತ್ತ ಜೋತಿದ್ದರೆ ಚೆಂಡು ತಗ್ಗಾಗಿ ಹಗ್ಗದ ಕೆಳಗೆ ನುಗ್ಗುತ್ತದೆ. ಇವೆರಡರ ನಡುವಿನ ಓರೆ ಬೇಕು.

ಒಂದು ಪಟ್ಟಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಒಬ್ಬ ಹುಡುಗಿಯ ಐದೂ ಪಾಸ್‌ಗಳು ತಲೆಯ ಮೇಲಿನಿಂದ ಹಿಂದಕ್ಕೆ ಹೋದವು. ‘ಕೈ ಮೇಲೆ ಹೋಯಿತೇ?’ ಎಂಬ ಪ್ರಶ್ನೆಗೆ ನೋಡುವವನು ಐದಕ್ಕೆ ಐದು ಸಲ ಹೌದು ಎಂದ. ಕೈ ಬೀಸಬೇಡ ಎಂದು ನಾನು ಎರಡು ಸಲ ಹೇಳಿದೆ, ಏನೂ ಬದಲಾಗಲಿಲ್ಲ. ಆಮೇಲೆ ಅವಳ ಕಾಲು ನೋಡಿದೆ. ಸರ್ವಿಸ್ ಬರುವವರೆಗೆ ಮೊಣಕಾಲು ನೆಟ್ಟಗಿಟ್ಟು ನಿಂತಿರುತ್ತಿದ್ದಳು. ಚೆಂಡು ಎದೆಯ ಮಟ್ಟಕ್ಕೆ ಬಂದಾಗ ಅದನ್ನು ತಡೆಯಲು ಹಲಗೆ ಎತ್ತದೆ ಬೇರೆ ದಾರಿಯೇ ಇರುತ್ತಿರಲಿಲ್ಲ. ತಪ್ಪು ಕಾಣುತ್ತಿದ್ದುದು ಕೈಯಲ್ಲಿ, ಇದ್ದದ್ದು ಕಾಲಿನಲ್ಲಿ. ಅವಳನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸಿ, ಸೀಟಿ ಕೇಳಿದೊಡನೆ ಎರಡೂ ಕೈಯಿಂದ ಮೊಣಕಾಲು ಮುಟ್ಟಲು ಹೇಳಿದೆ. ಮುಟ್ಟಲು ಬಗ್ಗಲೇಬೇಕು. ಆಗ ಚೆಂಡು ಅವಳ ಮುಂದೆ ಸೊಂಟದ ಮಟ್ಟಕ್ಕೆ ಇಳಿಯತೊಡಗಿತು. ಎರಡನೆಯ ಸುತ್ತಿನಲ್ಲಿ ಐದರಲ್ಲಿ ಮೂರು ಹಿಡಿಯುವವರ ಕೈ ಸೇರಿದವು.

ಸರ್ವಿಸ್ ಪಾಸ್ ಮಾಡುವವರನ್ನು ತಲುಪದ ಪಟ್ಟಿಗಳಿರುತ್ತವೆ, ಅಲ್ಲಿ ಪಾಸ್ ಕಲಿಕೆ ನಿಂತುಹೋಗುತ್ತದೆ. ಅಂಥವರು ಎರಡು ಹೆಜ್ಜೆ ಮುಂದೆ ಬಂದು ಸರ್ವಿಸ್ ಮಾಡಲಿ. ಆಗಲೂ ಆಗದಿದ್ದರೆ ಆ ಸರದಿಯ ಮಟ್ಟಿಗೆ ಮೊದಲ ದಿನದ ಎಸೆತಕ್ಕೆ ಮರಳಲಿ. ಬೀಸು ಒಂದೇ ಆದ್ದರಿಂದ ಅವರಿಗೆ ನಷ್ಟವಿಲ್ಲ. ಬಲವಾಗಿ ಹೊಡೆಯುವವರಿಗೆ ‘ಪಾಸ್ ಮಾಡುವವರ ಸೊಂಟಕ್ಕೆ’ ಎಂಬ ಗುರಿ ಕೊಡಿ. ಹಗ್ಗದ ಈ ಹಂತದಲ್ಲಿ ಸರ್ವಿಸ್‌ನ ಯಶಸ್ಸನ್ನು ಆಚೆಯವರ ಪಾಸ್‌ನಿಂದಲೇ ಅಳೆಯಬೇಕು.

ನಾಲ್ಕನೆಯ ಅವಧಿ: ನಿಜವಾದ ನೆಟ್

ನಿಧಾನವಾದ ಅಂಡರ್‌ಹ್ಯಾಂಡ್ ಸರ್ವಿಸ್‌ಗೆ ಒಂದು ಮಿತಿ ಇದೆ. ಚೆಂಡು ನೇರವಾಗಿ ತಮ್ಮ ಬಳಿಗೇ ಬರುತ್ತದೆಂದು ಪಾಸ್ ಮಾಡುವವರು ನಿಂತಲ್ಲೇ ಕಾಯಲು ಕಲಿತುಬಿಡುತ್ತಾರೆ. ಆದ್ದರಿಂದ ಈ ಅವಧಿಯ ಮೊದಲ ಸುತ್ತಿನಲ್ಲಿ, ಅದೇ ಪಟ್ಟಿಗಳಲ್ಲಿ, ಸರ್ವಿಸ್ ಮಾಡುವವರು ಬೇಕೆಂದೇ ಒಂದು ಹೆಜ್ಜೆ ಎಡಕ್ಕೋ ಬಲಕ್ಕೋ ಗುರಿಯಿಡಲಿ. ಪಾಸ್ ಮಾಡುವವರು ಕೈ ಜೋಡಿಸದೆ ಸರಿದು, ಜಾಗ ಸೇರಿದ ಮೇಲೆ ಹಲಗೆ ಮಾಡಲಿ. ಕೈ ಜೋಡಿಸಿಕೊಂಡು ಓಡುವವರು ಚೆಂಡನ್ನು ತಲುಪುವುದಿಲ್ಲ.

ಆಮೇಲೆ ಹಗ್ಗ ಬಿಚ್ಚಿ. ಅಂಕಣದ ಒಂದೇ ಕಡೆಯಿಂದ, ನೆಟ್‌ಗೆ 6 ಮೀಟರ್ ದೂರದಲ್ಲಿ ಆರು ಮಂದಿ ಒಂದೂವರೆ ಮೀಟರ್ ಅಂತರದಲ್ಲಿ ನಿಂತು ಸೀಟಿಗೆ ಸರ್ವಿಸ್ ಮಾಡಲಿ. ಸತತ ಮೂರು ಸರ್ವಿಸ್ ನೆಟ್ ದಾಟಿದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಹೀಗೆ 9 ಮೀಟರ್‌ನಲ್ಲಿರುವ ಹಿಂಗೆರೆ ತಲುಪಿದವರು ಅದರ ಹೊರಗಿನಿಂದ ಸರ್ವಿಸ್ ಮಾಡಬೇಕು. ಹೊಡೆಯುವ ಕ್ಷಣದಲ್ಲಿ ಗೆರೆ ಮುಟ್ಟಿದ್ದರೆ ತಪ್ಪು, ಹೊಡೆದ ಮೇಲೆ ಒಳಗೆ ಹೆಜ್ಜೆ ಇಟ್ಟರೆ ತಪ್ಪಲ್ಲ. ಹೆಜ್ಜೆ ಹಾಕಿಕೊಂಡೇ ಹೊಡೆಯಲು ಕಲಿತ ಮಕ್ಕಳಿಗೆ ಈ ವ್ಯತ್ಯಾಸವನ್ನು ತೋರಿಸಿಯೇ ಹೇಳಬೇಕು, ಗೆರೆಗಿಂತ ಒಂದು ಹೆಜ್ಜೆ ಹಿಂದಿನಿಂದ ಆರಂಭಿಸಿದರೆ ಸಾಕು. ಸರ್ವಿಸ್ ನೆಟ್‌ಗೆ ತಾಗಿ ಆಚೆ ಬಿದ್ದರೆ ಈಗಿನ ನಿಯಮದಲ್ಲಿ ಅದು ಸರಿಯಾದ ಸರ್ವಿಸ್ ಎಂದೂ ಹೇಳಿ, ಇಲ್ಲದಿದ್ದರೆ ಪಾಸ್ ಮಾಡುವವರು ಅಂಥ ಚೆಂಡಿಗೆ ಕೈ ಒಡ್ಡದೆ ನಿಂತುಬಿಡುತ್ತಾರೆ.

ಆಚೆ ಕಡೆ ಮೂವರು ಪಾಸ್ ಮಾಡುವವರು, ಮೂವರು ನೆಟ್‌ನ ಬಳಿ ಹಿಡಿಯುವವರು ನಿಲ್ಲುತ್ತಾರೆ. ಆರು ಚೆಂಡು ಒಟ್ಟಿಗೆ ಬಂದರೆ ಮೂವರಿಗೆ ಅಪಾಯ. ಆದ್ದರಿಂದ ಒಂದು ಸೀಟಿಗೆ ಮೂವರು, ಇನ್ನೊಂದು ಸೀಟಿಗೆ ಉಳಿದ ಮೂವರು ಸರ್ವಿಸ್ ಮಾಡಲಿ. ಇಲ್ಲಿ ಮೊದಲ ಬಾರಿಗೆ ಇಬ್ಬರ ನಡುವೆ ಬೀಳುವ ಚೆಂಡು ಎದುರಾಗುತ್ತದೆ. ಇಬ್ಬರೂ ನುಗ್ಗಿ ತಲೆಗೆ ತಲೆ ಬಡಿಯುವುದು, ಇಲ್ಲವೇ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಲ್ಲುವುದು, ಎರಡೂ ಆಗುತ್ತದೆ. ಚೆಂಡು ನೆಟ್ ದಾಟುವ ಮೊದಲೇ ‘ನನ್ನದು’ ಎಂದು ಕೂಗಿದವರಿಗೇ ಚೆಂಡು. ಕೂಗಿಲ್ಲದವರು ಒಂದು ಹೆಜ್ಜೆ ಹಿಂದೆ ಸರಿದು ಅವರ ಬೆನ್ನಿಗೆ ನಿಲ್ಲಬೇಕು. ಕೂಗದೆ ಮಾಡಿದ ಪಾಸ್ ಹಿಡಿಯುವವರ ಕೈಗೇ ಹೋದರೂ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹೊರಗೆ ಉಳಿದ ಮಕ್ಕಳು ಅಂಕಣದ ಸುತ್ತ ಗುಂಪುಗೂಡಲು ಬಿಡಬೇಡಿ. ಸರ್ವಿಸ್ ಮಾಡುವ ಒಬ್ಬೊಬ್ಬರ ಹಿಂದೆ ಮೂವರು ಬೀಸಿನ ಅಭ್ಯಾಸಕ್ಕೆ ನಿಂತರೆ 18 ಮಂದಿ ಆದರು. ಉಳಿದ 12 ಮಂದಿ ಪಾಸ್ ಮಾಡುವವರ ಹಿಂದೆ ಹಿಂಗೆರೆಯ ಆಚೆ ಸಾಲಾಗಿ ನಿಂತು ಚೆಂಡನ್ನು ತಡೆದು, ಪಕ್ಕದ ಗೆರೆಯ ಹೊರಗಿನಿಂದ ಉರುಳಿಸಿ ಕಳಿಸುತ್ತಾರೆ. ಐದು ನಿಮಿಷಕ್ಕೊಮ್ಮೆ ಜಾಗ ಬದಲಾಯಿಸಿ. ಹಿಂಗೆರೆಯಿಂದ ಸರ್ವಿಸ್ ದಾಟಿಸಲಾಗದ ಕೆಲವರು ಈ ಅವಧಿಯ ಕೊನೆಗೂ ಉಳಿದೇ ಇರುತ್ತಾರೆ. ಅವರು ನಿಂತ ದೂರವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಮುಂದಿನ ವಾರ ಅಲ್ಲಿಂದಲೇ ಸರ್ವಿಸ್ ಮಾಡಿಸಿ.